ಸರಾಸರಿ ಕರ್ವ್ ನಂಬರ್ ತೆಗೆದು ನಾನು ಅರ್ಧ ನೀರನ್ನೇ ಕಳೆದುಕೊಂಡಿದ್ದೆ

200 ಹೆಕ್ಟೇರಿನ ಒಂದು ಸಣ್ಣ ಜಲಾನಯನ. 50 ಮಿ.ಮೀ. ಮಳೆ ಬಿದ್ದರೆ ಅದರಲ್ಲಿ ಎಷ್ಟು ನೀರು ಹರಿದು ಹೊರಗೆ ಬರುತ್ತೆ ಅಂತ ನಾನು ಅಂದಾಜು ಮಾಡಬೇಕಿತ್ತು. ಭೂಹೊದಿಕೆಯ ರಾಸ್ಟರ್ ಇತ್ತು, ಮಣ್ಣಿನ ನಕ್ಷೆಯೂ ಇತ್ತು. ನೀರು ಎಷ್ಟು ಚೆನ್ನಾಗಿ ಇಂಗುತ್ತೆ ಅನ್ನೋದರ ಮೇಲೆ ಮಾಡಿದ ಮಣ್ಣಿನ ಎ, ಬಿ, ಸಿ, ಡಿ ಗುಂಪುಗಳಿಗೆ 1ರಿಂದ 4 ಅಂತ ಅಂಕಿ ಕೊಟ್ಟು, ಅದನ್ನೂ ಅದೇ ಅಳತೆಯ ರಾಸ್ಟರ್ ಮಾಡಿಕೊಂಡೆ. ಆಮೇಲೆ ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಎರಡನ್ನೂ ಸೇರಿಸಿದೆ:

```
"lc@1" * 10 + "hsg@1"
```

ಈಗ ಪ್ರತಿ ಜೋಡಿಗೂ ಒಂದು ಕೋಡ್ ಸಿಗುತ್ತೆ. ಕೋಷ್ಟಕ ನೋಡಿ ಕೋಡಿಗೆ ತಕ್ಕ ಕರ್ವ್ ನಂಬರ್, ಅಂದರೆ ಸಿಎನ್ ಹಾಕಿದೆ; ಇದು ಹೆಚ್ಚಿದಷ್ಟೂ ಮಳೆನೀರು ಜಾಸ್ತಿ ಹರಿದುಹೋಗುತ್ತೆ: ಬಿ ಮಣ್ಣಿನ ಒಳ್ಳೆ ಕಾಡಿಗೆ 55, ಸಿ ಮಣ್ಣಿನ ಸಾಲು ಬೆಳೆಗೆ 85, ಡಾಂಬರು-ಕಾಂಕ್ರೀಟಿಗೆ 98. ಜಾಗದಲ್ಲಿ ಇವುಗಳ ಪಾಲು 60, 25, 15 ಶೇಕಡಾ.

ಮೊದಲ ಸಲ ಸುಲಭದ ದಾರಿ ಹಿಡಿದು ಇಡೀ ಜಲಾನಯನಕ್ಕೆ ಸರಾಸರಿ ಸಿಎನ್ ತೆಗೆದೆ, 69 ಬಂತು. ಸೂತ್ರ ಇದು; P ಮಳೆ, Q ಹರಿದು ಬರುವ ನೀರು, S ನೆಲ ಹಿಡಿದಿಡಬಲ್ಲ ಗರಿಷ್ಠ ನೀರು, ಎಲ್ಲ ಮಿ.ಮೀ.ನಲ್ಲಿ:

```
S = 25400/CN - 254
Q = (P - 0.2*S)^2 / (P + 0.8*S)
```

ಉತ್ತರ 5.2 ಮಿ.ಮೀ. ಬರೀ ಕಾಂಕ್ರೀಟಿನಿಂದಲೇ ಇದಕ್ಕಿಂತ ಜಾಸ್ತಿ ಬರಬೇಕಲ್ವಾ ಅನ್ನಿಸಿ, ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕಿದೆ. ಕಾಡಿನಿಂದ 0.3, ಬೆಳೆಯಿಂದ 19.6, ಕಾಂಕ್ರೀಟಿನಿಂದ 44.3 ಮಿ.ಮೀ. ಜಾಗದ ಪಾಲಿನಂತೆ ಸೇರಿಸಿದರೆ 11.7 ಮಿ.ಮೀ., ಅಂದರೆ ಸುಮಾರು 23,500 ಘನ ಮೀಟರ್. ಸರಾಸರಿ ಸಿಎನ್ ಕೊಟ್ಟಿದ್ದು ಸುಮಾರು 10,500 ಮಾತ್ರ! ಸೂತ್ರ ನೇರ ಗೆರೆಯಲ್ಲ, ಅದಕ್ಕೇ ಹೀಗೆ. ಸಿಎನ್‌ಗಳು ಹತ್ತಿರ ಹತ್ತಿರ ಇದ್ದರೆ ಅಥವಾ ಮಳೆ ತುಂಬಾ ಜೋರಾಗಿದ್ದರೆ ವ್ಯತ್ಯಾಸ ಕಡಿಮೆಯಾಗುತ್ತೆ, ಆದರೆ ಇಲ್ಲಿ ಎರಡೂ ಇರಲಿಲ್ಲ.

ಆಮೇಲೆ ಪ್ರತಿ ಪಿಕ್ಸೆಲ್‌ಗೂ ಲೆಕ್ಕ ಹಾಕಲು ಹೋಗಿ ಇನ್ನೊಂದು ತಪ್ಪು ಮಾಡಿದೆ. 30 ಮಿ.ಮೀ. ಮಳೆಗೆ ಓಡಿಸಿದಾಗ ಕಾಡಿನಿಂದ 0.7 ಮಿ.ಮೀ. ಬಂತು, 50ಕ್ಕೆ ಬಂದದ್ದಕ್ಕಿಂತ ಹೆಚ್ಚು. ಮಳೆ ಕಡಿಮೆಯಾದರೆ ನೀರು ಜಾಸ್ತಿ ಹರಿಯುತ್ತಾ? ಕಾಡಿನಲ್ಲಿ 0.2*S, ಅಂದರೆ ಮೊದಲ 41.6 ಮಿ.ಮೀ. ಹಾಗೇ ಹೀರಿಹೋಗುತ್ತೆ, ಹಾಗಾಗಿ ಆವರಣದೊಳಗೆ ಋಣ ಸಂಖ್ಯೆ ಬಂದಿತ್ತು, ವರ್ಗ ಮಾಡಿದ ಮೇಲೆ ಅದೇ ಧನವಾಗಿ ಸುಳ್ಳು ನೀರು ಹುಟ್ಟಿತು. ಷರತ್ತು ಹಾಕಲೇಬೇಕು, ಇಲ್ಲಿ s ಅಂದರೆ ಪ್ರತಿ ಪಿಕ್ಸೆಲಿನ S ಇರುವ ರಾಸ್ಟರ್:

```
(0.2*"s@1" < 30) * (30 - 0.2*"s@1")^2 / (30 + 0.8*"s@1")
```

ಹಾಗಂತ 11.7 ಅನ್ನೋದನ್ನೂ ಪೂರ್ತಿ ನಂಬಲಿಲ್ಲ. ಕಾಂಕ್ರೀಟಿನ ನೀರು ಕಾಡಿನೊಳಗೆ ಹರಿದರೆ ಒಂದಿಷ್ಟು ಅಲ್ಲೇ ಇಂಗುತ್ತೆ, ಈ ಲೆಕ್ಕಕ್ಕೆ ಅದು ಕಾಣೋದಿಲ್ಲ. ಎತ್ತರದ ನಕ್ಷೆಯಿಂದ ಹರಿವಿನ ದಿಕ್ಕು ತೆಗೆದು ನೋಡಿದೆ. ಡಾಂಬರಿನ ಬಹುಪಾಲು ನೇರವಾಗಿ ಚರಂಡಿಗೇ ಸೇರುತ್ತಿತ್ತು, ಹಾಗಾಗಿ 11.7ನ್ನೇ ಉಳಿಸಿಕೊಂಡೆ.