ಬೆಲ್ಲದಂಗಡಿ ಲೋಗೊ: ವಾಟ್ಸಾಪ್ ಚಿತ್ರದಿಂದ ಪ್ಲಾಟರ್‌ವರೆಗೆ

ಮಂಡ್ಯದ ಬೆಲ್ಲದಂಗಡಿಯೊಂದರ ಬೋರ್ಡಿಗೆ ವಿನೈಲ್ ಕಟಿಂಗ್ ಆಗಬೇಕಿತ್ತು. ಲೋಗೊದಲ್ಲಿ ಇದ್ದದ್ದು ಒಂದು ವೃತ್ತ, ಎರಡು ಕಬ್ಬಿನ ಗರಿ, ಕೈಬರಹದ ‘ಬೆಲ್ಲ’. ಯಾರೋ ಮೊದಲೇ ಟ್ರೇಸ್ ಮಾಡಿಕೊಟ್ಟಿದ್ದ ಫೈಲನ್ನು ಹಾಕಿ ನೋಡಿದ, ವಿನೈಲ್ ಕತ್ತರಿಸುವ ಪ್ಲಾಟರ್ ಯಂತ್ರದ ಹುಡುಗ, “ಗರಿ ಅಂಚಲ್ಲೆಲ್ಲ ಬ್ಲೇಡು ತಡವರಿಸ್ತದೆ ಕಣಣ್ಣ” ಅಂದ. ತೆರೆದರೆ ಒಂದೊಂದು ಗರಿಯಲ್ಲೂ ನಲವತ್ತಕ್ಕೂ ಹೆಚ್ಚು ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳು. ಬ್ಲೇಡು ಪ್ರತಿ ನೋಡಿನಲ್ಲೂ ದಿಕ್ಕು ಬದಲಿಸುತ್ತದೆ. ಹಾಗಾಗಿ ಪರದೆ ಮೇಲೆ ಕಾಣದ ಡೊಂಕು ವಿನೈಲಿನಲ್ಲಿ ಎದ್ದು ಕಾಣುತ್ತದೆ.

ಮೂಲ ಚಿತ್ರ ವಾಟ್ಸಾಪಿನಲ್ಲಿ ಬಂದ ಸಣ್ಣ ಜೆಪೆಗ್. ಅದನ್ನು ನೇರ ಟ್ರೇಸ್ ಮಾಡಿದರೆ ಪಿಕ್ಸೆಲ್ ಮೆಟ್ಟಿಲುಗಳೇ ಗೆರೆಯಾಗುತ್ತವೆ. ಅದಕ್ಕೆ ಮೊದಲು ಗಿಂಪ್‌ನಲ್ಲಿ ನಾಲ್ಕು ಪಟ್ಟು ದೊಡ್ಡದು ಮಾಡಿ, ಸ್ವಲ್ಪ `Gaussian Blur` ಕೊಟ್ಟು, ಆಮೇಲೆ `Threshold` ಹಾಕಿದೆ. ಅಂಚಿನ ಬೂದು ಪಿಕ್ಸೆಲ್‌ಗಳಲ್ಲೇ ಗೆರೆಯ ನಿಜವಾದ ಜಾಗ ಅಡಗಿರುತ್ತದೆ, ಹೀಗೆ ಮಾಡಿದರೆ ಅದು ನುಣುಪಾಗಿ ಹೊರಬರುತ್ತದೆ. ಬ್ಲರ್ ಜಾಸ್ತಿಯಾದರೆ ಮಾತ್ರ ಗರಿಯ ತುದಿ ಮೊಂಡಾಗುತ್ತದೆ.

ಇಂಕ್‌ಸ್ಕೇಪಿನ `Trace Bitmap` ಕೊಟ್ಟ ಗೆರೆಯನ್ನು ನಾನು ಅಡಿಪಾಯ ಅಂತಷ್ಟೇ ಇಟ್ಟುಕೊಳ್ಳುತ್ತೇನೆ. `Simplify` ಒತ್ತಿದರೆ ನೋಡ್ ಕಮ್ಮಿಯಾಗುವುದು ನಿಜ. ಆದರೆ ಅದಕ್ಕೆ ಚೂಪು ಯಾವುದು, ಕೊಂಕು ಯಾವುದು ಗೊತ್ತಿಲ್ಲ, ಎರಡನ್ನೂ ಸವರಿಬಿಡುತ್ತದೆ. ವೃತ್ತವನ್ನು ಅಳಿಸಿ ಅಸಲಿ ವೃತ್ತವನ್ನೇ ಎಳೆದೆ. ಗರಿಗೆ ಎರಡು ತುದಿಯಲ್ಲಿ ಎರಡೇ ಚೂಪು ನೋಡ್ ಸಾಕು, ಬಾಗನ್ನೆಲ್ಲ ನೋಡಿನಿಂದ ಚಾಚುವ ಹ್ಯಾಂಡಲ್‌ಗಳೇ ಹೊರುತ್ತವೆ:

```
<path d="M 10,90 C 20,50 50,20 90,10
         C 80,50 50,80 10,90 Z"/>
```

ಹೆಚ್ಚು ಹೊತ್ತು ಹಿಡಿದದ್ದು ಅಕ್ಷರಗಳು. ಕನ್ನಡದ ಅಕ್ಷರ ಅಂದರೆ ಬರೀ ಬಾಗು, ಅಲ್ಲಿ ನೋಡ್ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ‘ಬ’ದ ಪ್ರತಿ ಬಾಗಿನ ತೀರಾ ಮೇಲೆ, ತೀರಾ ಕೆಳಗೆ, ತೀರಾ ಎಡಕ್ಕೆ, ತೀರಾ ಬಲಕ್ಕೆ ಒಂದೊಂದು ನುಣುಪು ನೋಡ್ ಇಟ್ಟು, `Ctrl` ಹಿಡಿದು ಹ್ಯಾಂಡಲ್ ಎಳೆದು ಅಡ್ಡಕ್ಕೋ ನೆಟ್ಟಗೋ ಕೂರಿಸಿದೆ. ‘ಬೆ’ಯ ಎತ್ವ ಒಡಲಿಗೆ ಸೇರುವ ಮೂಲೆಯನ್ನು ಮಾತ್ರ ಚೂಪಾಗಿಯೇ ಬಿಟ್ಟೆ. ಮೂಲದಲ್ಲಿ ಬರೆದವರ ಕೈ ಅಲ್ಲೇ ಕಾಣುತ್ತಿತ್ತು, ಅದನ್ನು ಸವರುವ ಹಕ್ಕು ನನಗಿಲ್ಲ.

ಪರೀಕ್ಷೆಗೆ ಮೂಲ ಚಿತ್ರವನ್ನು ಕೆಳಗಿಟ್ಟು, ಮೇಲಿನ ಪಾತ್‌ಗೆ ಅರೆಪಾರದರ್ಶಕ ಕೆಂಪು ಬಣ್ಣ ಕೊಟ್ಟು, ಜೂಮ್ ಮಾಡಿ ಅಂಚುಗುಂಟ ಸಾಗಿದೆ. ಬಾಗಿನ ನಡುವೆ ಚಪ್ಪಟೆ ಕಂಡರೆ ಹ್ಯಾಂಡಲ್ ಗಿಡ್ಡ, ಭುಜದಂತೆ ಉಬ್ಬಿದರೆ ಉದ್ದ.

ಪ್ಲಾಟರಿಗೆ ಕಳಿಸುವ ಮುಂಚೆ ಇನ್ನೆರಡು ಕೆಲಸ ಇರುತ್ತದೆ. ದಪ್ಪ ಗೆರೆಯಾಗಿ ಎಳೆದ ವೃತ್ತಕ್ಕೆ `Stroke to Path` ಮಾಡಲೇಬೇಕು, ಇಲ್ಲದಿದ್ದರೆ ಬ್ಲೇಡು ಗೆರೆಯ ನಡುಮಧ್ಯೆ ಒಂದೇ ಸಲ ಹಾಯುತ್ತದೆ. ಆಮೇಲೆ ಗರಿ ವೃತ್ತದ ಮೇಲೆ ಹಾದುಹೋಗುವ ಕಡೆ ಎರಡನ್ನೂ `Union` ಮಾಡಿ ಒಂದಾಗಿಸಬೇಕು, ಇಲ್ಲವೆಂದರೆ ಆ ಜಾಗದಲ್ಲಿ ವಿನೈಲು ತುಂಡಾಗಿ ಕಿತ್ತು ಬರುತ್ತದೆ.