ಹುಣಸೆಹಣ್ಣಿಗೆ ತಕ್ಕಡಿ ಹಿಡಿದ ಅನುಭವ

ನಮ್ಮ ಮೆಸ್ಸಿಗೆ ಮಧ್ಯಾಹ್ನ ಹೆಚ್ಚುಕಡಿಮೆ 40 ಜನ ಊಟಕ್ಕೆ ಬರುತ್ತಾರೆ. ಅಡುಗೆ ನಾನು ಮತ್ತು ನಮ್ಮತ್ತೆ. ಹುಣಸೆಹಣ್ಣನ್ನು ತೂಗಿ ಹಾಕೋಣ ಅಂತ ನಾನು ಮೊದಲ ಸಲ ಹೇಳಿದಾಗ ಅತ್ತೆ, "ಹುಣಸೆಹಣ್ಣಿಗೂ ತಕ್ಕಡಿ ಯಾಕೇ? ಕೈಗೆ ಅಂದಾಜು ಬರಬೇಕು ಕಣೇ" ಅಂದರು. ಅವರ ಕೈಗೆ ಅಂದಾಜು ಇತ್ತು, ನಿಜ. ಆದರೆ ಅವರು ಊರಿಗೆ ಹೋದಾಗೆಲ್ಲ ನನ್ನ ಹುಳಿ ದಿನಕ್ಕೊಂದು ರುಚಿ.

ತಪ್ಪು ಇದ್ದದ್ದು 'ನಿಂಬೆಹಣ್ಣಿನ ಗಾತ್ರ' ಅನ್ನುವ ಲೆಕ್ಕದಲ್ಲೇ. ಒಂದು ದಿನ ಕೂತು ತೂಗಿ ನೋಡಿದೆ. ಸಡಿಲವಾಗಿ ಮಾಡಿದ ಉಂಡೆ 20 ಗ್ರಾಂ ಚಿಲ್ಲರೆ, ಅದೇ ಗಾತ್ರಕ್ಕೆ ಒತ್ತಿ ಕಟ್ಟಿದ್ದು 40ರ ಹತ್ತಿರ! ಒಳಗೆ ನಾಲ್ಕು ಬೀಜ ಸೇರಿಕೊಂಡರೆ ಲೆಕ್ಕ ಮತ್ತೆ ಏರುಪೇರು.

ತೂಕ ಸರಿಹೋದರೂ ರಸ ತೆಗೆಯುವುದರಲ್ಲಿ ಸೋತೆ. ಬೇಗ ಆಗಲಿ ಅಂತ ನೆನೆಸಿದ ಹಣ್ಣನ್ನು ಮಿಕ್ಸಿಗೆ ಹಾಕಿದೆ. ನಾರು, ಬೀಜದ ಸಿಪ್ಪೆ ಎಲ್ಲ ಪುಡಿಯಾಗಿ ರಸಕ್ಕೆ ಸೇರಿತು. ಸಾರು ಒಗರಾಯಿತು, ನಾಲಿಗೆಗೆ ತರಿ ಸಿಕ್ಕಿತು. ಬೀಜದ ಸಮೇತ ಕುಕ್ಕರಿನಲ್ಲಿ ಕೂಗಿಸಿದಾಗಲೂ ಅದೇ ಒಗರು. ಇನ್ನೊಂದು ಸಲ ಉಪ್ಪು ಬೆರೆಸಿ ಇಟ್ಟಿದ್ದ ಹಳೇ ಹುಣಸೆ ಅಂತ ಗೊತ್ತಾಗದೆ ಒಂದು ಆರ್ಡರಿಗೆ ಪುಳಿಯೋಗರೆ ಗೊಜ್ಜು ಮಾಡಿ, ಉಪ್ಪು ಮಾಮೂಲಿನಷ್ಟೇ ಹಾಕಿದೆ. ಗೊಜ್ಜು ಬಾಯಿಗಿಡೋ ಹಾಗಿರಲಿಲ್ಲ. ಸುಮಾರು 700 ರೂಪಾಯಿ ಸಾಮಾನು ಹೋಯಿತು. ಈಗ ಹೊಸ ಚೀಲ ಬಿಚ್ಚಿದ ಕೂಡಲೇ ಒಂದು ಎಸಳು ಬಾಯಿಗೆ ಹಾಕಿಕೊಳ್ಳುತ್ತೇನೆ.

ಕೊನೆಗೆ ನಿಂತ ರೀತಿ ಇದು. ಬೀಜ, ನಾರು ತೆಗೆದ ಹಣ್ಣು ಅರ್ಧ ಕೆಜಿ. ಕೈ ತಾಳುವುದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಇರುವ ನೀರು 1 ಲೀಟರು. ಸ್ಟೀಲ್ ಪಾತ್ರೆಯಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಜರಡಿಯಲ್ಲಿ ಒತ್ತಿ ಸೋಸುತ್ತೇನೆ. ಉಳಿದ ಚರಟಕ್ಕೆ ಮತ್ತೆ ಅರ್ಧ ಲೀಟರು ಬಿಸಿನೀರು ಹಾಕಿ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಿವುಚಬೇಕು. ಹೆಚ್ಚಿನವರು ಬಿಡುವುದು ಈ ಎರಡನೇ ಸಲವನ್ನೇ. ಚರಟ ನೆಕ್ಕಿ ನೋಡಿ, ಇನ್ನೂ ಹುಳಿ ಇದ್ದರೆ ದುಡ್ಡು ಅಲ್ಲೇ ಕೂತಿದೆ. ಎರಡೂ ರಸ ಸೇರಿಸಿ, ಒಟ್ಟು ಒಂದೂವರೆ ಲೀಟರಿಗೆ ಇಳಿಯುವವರೆಗೆ ಕುದಿಸುತ್ತೇನೆ. ಅಲ್ಲಿಗೆ 15 ಮಿಲಿಯ ಒಂದು ಚಮಚ ಅಂದರೆ 5 ಗ್ರಾಂ ಹಣ್ಣು. ಆಮೇಲೆ ಉಂಡೆಯ ಮಾತೇ ಇಲ್ಲ, ಬರೀ ಚಮಚದ ಲೆಕ್ಕ. ಫ್ರಿಜ್ಜಿನಲ್ಲಿ ವಾರ ಕೆಡಲ್ಲ, ನಮ್ಮಲ್ಲಿ ಎರಡು ದಿನಕ್ಕೇ ಮುಗಿಯುತ್ತೆ.

ಬೇಳೆ ಹುಳಿಗೆ ಒಬ್ಬರಿಗೆ 3 ಗ್ರಾಂ ಹಿಡಿಯುತ್ತೇನೆ. 40 ಜನಕ್ಕೆ 120 ಗ್ರಾಂ, ಅಂದರೆ 24 ಚಮಚ. ಟೊಮೆಟೊ ಒಂದು ಕೆಜಿ ಬಿದ್ದರೆ 18 ಸಾಕು. ಸಾರಿಗೆ ನಾಲ್ಕು ಜನಕ್ಕೆ 2 ಚಮಚ. ಹಾಗಲಕಾಯಿ ಗೊಜ್ಜಿಗೆ ಇದರ ಎರಡರಷ್ಟು, ಬೆಲ್ಲ ಅದನ್ನು ತಡೆಯುತ್ತೆ. ಬೇಳೆ, ತರಕಾರಿ ಪೂರ್ತಿ ಬೆಂದ ಮೇಲೆಯೇ ರಸ ಹಾಕುವುದು, ಅದು ನಿಮಗೆ ಗೊತ್ತೇ ಇದೆ. ಲೆಕ್ಕದ ಮುಕ್ಕಾಲು ಪಾಲು ಮೊದಲು ಹಾಕಿ, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ, ಆಮೇಲೆ ರುಚಿ ನೋಡಿ ಉಳಿದದ್ದು. ಉಪ್ಪು ಬೀಳುವ ಮೊದಲು ನೋಡಿದ ರುಚಿಯನ್ನು ನಂಬಬೇಡಿ.

ಜಾಸ್ತಿ ಕುದಿಸಿದರೆ ಹುಳಿ ಇಳಿಯುತ್ತೆ ಅಂತ ಅತ್ತೆ ಹೇಳುತ್ತಿದ್ದರು. ಒಂದೇ ಸಾರನ್ನು ಎರಡು ಪಾತ್ರೆಗೆ ಹಾಕಿ ಪರೀಕ್ಷೆ ಮಾಡಿದೆ. ಅರ್ಧ ಗಂಟೆ ಕುದಿದದ್ದೇ ಹೆಚ್ಚು ಹುಳಿ! ಹಸಿ ವಾಸನೆ ಹೋಗುತ್ತೆ, ನೀರು ಹೋಗುತ್ತೆ, ಹುಳಿ ಮಾತ್ರ ಎಲ್ಲೂ ಹೋಗಲ್ಲ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಬೇಸಿಗೆಯಲ್ಲಿ ಬರುವ ಕೆಂಚು ಬಣ್ಣದ ಹೊಸ ಹಣ್ಣು, ವರ್ಷ ಕಳೆದ ಕಪ್ಪು ಹಣ್ಣು, ಇವೆರಡರ ರುಚಿ ಒಂದೇ ಅಲ್ಲ. ಅದಕ್ಕೇ ಚೀಲ ಬದಲಾದಾಗ ಹಳೇ ರಸ ಒಂದು ಚಮಚ, ಹೊಸದು ಒಂದು ಚಮಚ ಬೇರೆ ಬೇರೆ ಲೋಟ ನೀರಿಗೆ ಹಾಕಿ, ಚಿಟಿಕೆ ಉಪ್ಪು ಬೆರೆಸಿ ಕುಡಿದು ನೋಡುತ್ತೇನೆ. ಹೊಸದು ಚುರುಕಿದ್ದರೆ 24ರ ಜಾಗದಲ್ಲಿ 20. ಗೊಜ್ಜಿಗೆ ಹಳೇದು, ಹೊಸದು ಎಷ್ಟೆಷ್ಟು ಬೆರೆಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ನಮ್ಮ ಗೊಜ್ಜು ಖರ್ಚಾಗುವುದೇ ಅದರಿಂದ.

ಮೊದಲು ವಾರಕ್ಕೆ 2 ಕೆಜಿ ಹತ್ತಿರ ಬೇಕಾಗುತ್ತಿತ್ತು. ಈಗ ಒಂದೂಕಾಲು ಸಾಕು. ಕೆಜಿಗೆ 180ರ ಆಸುಪಾಸು ಅಂತ ಹಿಡಿದರೂ ವರ್ಷಕ್ಕೆ ಆರೇಳು ಸಾವಿರ ಉಳಿತಾಯ. ಅತ್ತೆ ಇದನ್ನು ಒಪ್ಪಿಕೊಂಡದ್ದು ದೀಪ ಬೆಳಗುವಾಗ. ಮೊದಲೆಲ್ಲ ಈ ಚರಟದಲ್ಲೇ ಹಿತ್ತಾಳೆ ದೀಪ ತಿಕ್ಕುತ್ತಿದ್ದರು, ಥಳಥಳ ಅನ್ನುತ್ತಿತ್ತು. ಈಗ, "ನಿನ್ನ ಚರಟದಲ್ಲಿ ಹುಳಿಯೇ ಇಲ್ಲ ಕಣೇ, ದೀಪಕ್ಕೆ ಬೇರೆ ಹಣ್ಣು ಎತ್ತಿಡು" ಅನ್ನುತ್ತಾರೆ.