ಹಳೆಯ ಆ್ಯಡ್ಸ್ ಅಕೌಂಟ್ ಕೈಗೆ ಬಂತಾ? ಮೊದಲ ವಾರ ಹೀಗೆ ನೋಡಿ

ಬೇರೆಯವರು ನಡೆಸುತ್ತಿದ್ದ ಗೂಗಲ್ ಆ್ಯಡ್ಸ್ ಅಕೌಂಟ್ ಕೈಗೆ ಬಂದ ದಿನವೇ ಅರ್ಧ ಕ್ಯಾಂಪೇನ್ ಆಫ್ ಮಾಡಿ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲ ಮೂರು ದಿನ ಸುಮ್ನೆ ನೋಡಿ, ಬರೆದಿಟ್ಟುಕೊಳ್ಳಿ.

1. `Change history` ಓದಿ. ಎರಡು ವರ್ಷದವರೆಗಿನ ಬದಲಾವಣೆಗಳು ಅಲ್ಲಿರುತ್ತವೆ. ಸಲಹೆಗಳು ತಾವಾಗಿಯೇ ಜಾರಿಯಾಗುವ ಆಟೋ-ಅಪ್ಲೈ ಆನ್ ಇದ್ದರೆ ಆಫ್ ಮಾಡಿ. ಈ ಮೂರು ದಿನದಲ್ಲಿ ಮುಟ್ಟಬಹುದಾದದ್ದು ಇದೊಂದೇ.

2. ಒಂದೇ ಕೀವರ್ಡ್ ಎರಡು ಕ್ಯಾಂಪೇನ್‌ನಲ್ಲಿದ್ದರೆ ಗುರುತು ಹಾಕಿ, ಮುಂದೆ ಹೋಗಿ.

3. ಈಗ ಟ್ರ್ಯಾಕಿಂಗ್. ಎಡವುವುದೆಲ್ಲ ಇಲ್ಲೇ. ಬೆಂಗಳೂರಿನ ಒಂದು ಫರ್ನಿಚರ್ ಅಂಗಡಿಯ ಅಕೌಂಟ್ ನನಗೆ ಬಂದಾಗ ತಿಂಗಳ ಖರ್ಚು 60,000 ರೂಪಾಯಿ, ಕನ್ವರ್ಷನ್ 118. ಅಂದರೆ ಒಂದಕ್ಕೆ 508 ರೂಪಾಯಿ. ಹಳಬರು ಇದನ್ನೇ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದರು. ಅಂಗಡಿಯ ಮೇಲ್ ತೆರೆದು ಎಣಿಸಿದೆ. ವೆಬ್‌ಸೈಟ್ ಫಾರ್ಮ್ ತುಂಬಿದವರು ಎಲ್ಲ ಕಡೆಯಿಂದ ಸೇರಿ 40 ಜನ!

ಉಳಿದವರು ಎಲ್ಲಿಂದ ಬಂದರು? ಫಾರ್ಮ್ ಟ್ಯಾಗ್ 44 ಎಣಿಸಿತ್ತು. ಅದೇ ಫಾರ್ಮನ್ನು ಅನಲಿಟಿಕ್ಸ್‌ನಿಂದ ತಂದ ಇನ್ನೊಂದು ಕನ್ವರ್ಷನ್ 43 ಎಣಿಸಿತ್ತು. ‘ಸಂಪರ್ಕಿಸಿ’ ಪುಟ ತೆರೆದದ್ದೂ ಕನ್ವರ್ಷನ್ ಅಂತ 31. ಮೂರೂ `Primary` ಆಗಿದ್ದವು, ಅಂದರೆ ಬಿಡ್ ಲೆಕ್ಕಕ್ಕೆ ಸೇರುತ್ತಿದ್ದವು. ಫಾರ್ಮ್ ಟ್ಯಾಗನ್ನು ಮಾತ್ರ `Primary` ಉಳಿಸಿ, ಮಿಕ್ಕೆರಡನ್ನು `Secondary` ಮಾಡಬೇಕು. ಆ 44ರ ಗುಟ್ಟು ತಿಳಿಯಲು ಟ್ಯಾಗ್ ಅಸಿಸ್ಟೆಂಟ್ ಹಾಕಿಕೊಂಡು ನಾನೇ ಫಾರ್ಮ್ ತುಂಬಿದೆ, ‘ಧನ್ಯವಾದ’ ಪುಟವನ್ನು ರಿಫ್ರೆಶ್ ಮಾಡಿದೆ. ಟ್ಯಾಗ್ ಮತ್ತೆ ಓಡಿತು. ಒಂದು ಕ್ಲಿಕ್‌ಗೆ ಒಂದೇ ಸಲ ಎಣಿಸಲು, ವಿಚಾರಣೆಗಳಿಗೆ `Count` ಸೆಟ್ಟಿಂಗ್ `One` ಇರಬೇಕು, ಅಲ್ಲಿ `Every` ಇತ್ತು.

ಇಷ್ಟು ಸರಿ ಮಾಡಿ ಎದ್ದು ಹೋದರೆ ಮರುವಾರವೇ ಜಾಹೀರಾತು ಒಣಗುತ್ತದೆ. ಯಾಕೆಂದರೆ ಒಂದು ಕನ್ವರ್ಷನ್‌ಗೆ ಇಷ್ಟೇ ಖರ್ಚಾಗಲಿ ಅಂತ ಇಟ್ಟ ಗುರಿ, ಅಂದರೆ ಟಾರ್ಗೆಟ್ ಸಿಪಿಎ, ಇನ್ನೂ 500ರಲ್ಲೇ ಇದೆ, ಆದರೆ ನಿಜವಾದ ಖರ್ಚು ಒಂದಕ್ಕೆ ಕನಿಷ್ಠ 1,500. ಆ ಬೆಲೆಗೆ ಗಿರಾಕಿ ಸಿಗುವುದಿಲ್ಲವೆಂದು ಸಿಸ್ಟಮ್ ಬಿಡ್ ಇಳಿಸುತ್ತದೆ. ಎಣಿಕೆ ಸರಿಪಡಿಸಿದ ದಿನವೇ ಟಾರ್ಗೆಟನ್ನೂ ಕನಿಷ್ಠ 1,500ಕ್ಕೆ ಏರಿಸಿ. ಎರಡು ಮೂರು ವಾರ ಬಿಟ್ಟು ಸ್ವಲ್ಪ ಸ್ವಲ್ಪವೇ ಇಳಿಸಿ. ಮಾಲೀಕರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ರಿಪೋರ್ಟ್ ಕುಸಿದದ್ದು ನಿಮ್ಮ ತಲೆಗೇ ಬರುತ್ತದೆ.

4. ಪೋಲಾದ ಹಣ ಹುಡುಕುವುದು ಕೊನೆಗೆ. ಎಣಿಕೆಯೇ ತಪ್ಪಿದ್ದಾಗ ಯಾವುದು ಪೋಲು ಅಂತ ಹೇಗೆ ಹೇಳುತ್ತೀರಿ, ಅಲ್ವಾ? 90 ದಿನದ `Search terms` ರಿಪೋರ್ಟನ್ನು ಖರ್ಚಿನ ಇಳಿಕೆ ಕ್ರಮದಲ್ಲಿ ಜೋಡಿಸಿ. ಈ ಅಂಗಡಿ ಮಾರುವುದು ಹೊಸ ಸೋಫಾ, ಹಣ ಹೋಗುತ್ತಿದ್ದದ್ದು ‘ಸೋಫಾ ರಿಪೇರಿ’, ‘ಸೆಕೆಂಡ್ ಹ್ಯಾಂಡ್ ಸೋಫಾ’ ಹುಡುಕುವವರ ಮೇಲೆ. ಇಂಥವು ನೆಗೆಟಿವ್ ಪಟ್ಟಿಗೆ. ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ನೆಗೆಟಿವ್ ಪಟ್ಟಿ ಮಾತ್ರ ಸುರಿಯಬೇಡಿ. ‘ಬೆಲೆ’ಯಂಥ ಪದವೂ ಅದರಲ್ಲಿದ್ದರೆ ಕೊಳ್ಳಲು ಬಂದವರೇ ಹೊರಗುಳಿಯುತ್ತಾರೆ.

ಲೊಕೇಶನ್ ಸೆಟ್ಟಿಂಗ್ `Presence or interest` ಇದ್ದರೆ ದೆಹಲಿಯಲ್ಲಿ ಕೂತು ಬೆಂಗಳೂರಿನ ಸೋಫಾ ಹುಡುಕುವವರಿಗೂ ಜಾಹೀರಾತು ಕಾಣುತ್ತದೆ. ಊರೊಳಗೆ ಮಾತ್ರ ಡೆಲಿವರಿ ಕೊಡುವ ಅಂಗಡಿಗೆ `Presence` ಸಾಕು.